ಬೈಕ್ ಸಾಲ: ಈಗ ಮುಗಿಸೋದಾ, ಆಮೇಲಾ?

"ಬೈಕ್ ಸಾಲದಲ್ಲಿ 2,750 ರೂಪಾಯಿಯ 12 ಕಂತು ಬಾಕಿ ಇದೆ, ಅಸಲು 30,000. ಈಗಲೇ ಕಟ್ಟಿ ಮುಗಿಸಲಾ, ಆರು ತಿಂಗಳು ಬಿಟ್ಟು ಮುಗಿಸಲಾ?"

ಮುಗಿಸೋದಾದರೆ ಈಗಲೇ ಮುಗಿಸಿ. ಕಂತುಗಳ ಮೊತ್ತ 33,000, ಅಂದರೆ ಮುಂದಿನ ಬಡ್ಡಿ 3,000. ಉಳಿಯೋದು ಅಷ್ಟೇ. ಅದರಲ್ಲಿ ಅವಧಿಗೆ ಮುಂಚೆ ಸಾಲ ಮುಗಿಸೋದಕ್ಕೆ ಹಾಕೋ ಫೋರ್‌ಕ್ಲೋಶರ್ ಶುಲ್ಕ ಕಳೆಯಬೇಕು. ಒಪ್ಪಂದದ ಶುಲ್ಕದ ಪಟ್ಟಿ ತೆಗೆದು ನೋಡಿ. ಬಾಕಿ ಅಸಲಿನ ಶೇ. 5 ಅಂತಿದ್ದರೆ 1,500, ಅದರ ಮೇಲೆ ಶೇ. 18 ಜಿಎಸ್‌ಟಿ 270. ಕೈಗೆ ಉಳಿಯೋದು 1,230.

ಆರು ತಿಂಗಳು ಬಿಟ್ಟರೆ ಅಸಲು ಸುಮಾರು 15,670 ಇರುತ್ತೆ, ಉಳಿದ ಬಡ್ಡಿ ಬರೀ 830. ಆದರೆ ಶುಲ್ಕ, ತೆರಿಗೆ ಸೇರಿ 925 ಆಗುತ್ತೆ! ಬೇಗ ಮುಗಿಸಿ ನಷ್ಟ ಮಾಡಿಕೊಂಡಂಗೆ, ಅಲ್ವಾ? ಬಡ್ಡಿಯೆಲ್ಲ ಮೊದಲ ಕಂತುಗಳಲ್ಲೇ ಜಾಸ್ತಿ ಹೋಗಿರುತ್ತೆ, ಅದಕ್ಕೇ ಹೀಗೆ.

ಫೋನಲ್ಲಿ ಹೇಳಿದ ಮೊತ್ತ ನಂಬಬೇಡಿ. ಫೋರ್‌ಕ್ಲೋಶರ್ ಸ್ಟೇಟ್‌ಮೆಂಟ್ ಬರಹದಲ್ಲೇ ತಗೊಳ್ಳಿ. ಅದರಲ್ಲಿ ಎಷ್ಟನೇ ತಾರೀಖಿನವರೆಗೆ ಆ ಮೊತ್ತ ನಡೆಯುತ್ತೆ ಅಂತ ಇರುತ್ತೆ. ನಾನು ಎರಡು ದಿನ ತಡ ಮಾಡಿದ್ದಕ್ಕೆ ದಿನದ ಬಡ್ಡಿ ನಲವತ್ತು ರೂಪಾಯಿ ಬಾಕಿ ಉಳಿದು, ಸಾಲ ಸುಮ್ನೆ ತೆರೆದೇ ಇತ್ತು. ಹಣ ಕಟ್ಟಿದ ಮೇಲೆ ಸಾಲ ತೀರಿದೆ ಅನ್ನೋ ಎನ್‌ಒಸಿ ಪತ್ರ ತಗೊಂಡು, ಆರ್‌ಸಿಯಲ್ಲಿರೋ ಸಾಲದವರ ಹೆಸರನ್ನು ಆರ್‌ಟಿಒದಲ್ಲಿ ತೆಗೆಸಿ.