ಮಳೆಯ ನಂತರ ಸೀಲಿಂಗ್‌ನಲ್ಲಿ ಒದ್ದೆ ಕಲೆ

ಮಳೆ ಬಂದಾಗೆಲ್ಲ ತಾರಸಿ ಕೆಳಗಿನ ಸೀಲಿಂಗ್‌ನಲ್ಲಿ ಒದ್ದೆ ಕಲೆ ಮೂಡುತ್ತೆ. ನೀರು ಬಿರುಕಿನಿಂದ ಬರ್ತಿದೆಯಾ, ಪೈಪ್ ಪಕ್ಕದಿಂದಲಾ?

ಮೊದಲು ತಾರಸಿಯ ನೀರು ಹೋಗುವ ಕಿಂಡಿಯ ಕಸ ತೆಗೆಯಿರಿ. ಅದು ಕಟ್ಟಿಕೊಂಡು ನೀರು ನಿಂತರೆ ಕೂದಲೆಳೆಯ ಬಿರುಕೂ ಸೋರುತ್ತದೆ.

ಕಲೆ ಒಣಗಿದ ಮೇಲೆ ಅದರ ಅಂಚಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಮಳೆಯಿಲ್ಲದ ದಿನ ಪೈಪ್ ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಒಂದು ಇಂಚು ನೀರನ್ನು 24 ಗಂಟೆ ನಿಲ್ಲಿಸಿ. ಕಲೆ ಗೆರೆ ದಾಟಿದರೆ ದಾರಿ ಅದೇ. ದಾಟದಿದ್ದರೆ ಬಿರುಕಿನ ಮೇಲೆ ಹೀಗೇ ನೋಡಿ. ಕಲೆಯ ನೇರ ಮೇಲೇ ಹುಡುಕಬೇಡಿ, ನೀರು ಪಕ್ಕಕ್ಕೂ ಹರಿದು ಬರುತ್ತದೆ.

ನನಗೆ ಜಾಸ್ತಿ ಅನುಮಾನ ಪೈಪ್ ಮೇಲೆಯೇ. ನುಣುಪಾದ ಪಿವಿಸಿಗೆ ಸಿಮೆಂಟ್ ಸರಿಯಾಗಿ ಅಂಟುವುದಿಲ್ಲ. ಮತ್ತೆ ಸಿಮೆಂಟ್ ಮೆತ್ತಿದರೂ ಬಿಡುತ್ತದೆ. ಸುತ್ತ ಸಣ್ಣ ಕಾಲುವೆ ಕೊರೆದು, ಪೂರ್ತಿ ಒಣಗಿಸಿ, ಪಾಲಿಯುರೆಥೇನ್ ಸೀಲಂಟ್ ತುಂಬಿಸಿ.