ಚಾಯ್ಸ್ ಹೋಯಿತು, ಓದಿದ್ದು ಹೋಗಿಲ್ಲ

*ಅಕ್ಕಾರೆ, ನಾನು ಚಿಂಚೋಳಿ ಕಡೆ ಹುಡುಗಿ. ಕಲಬುರಗ್ಯಾಗ ರೂಮ್ ಮಾಡ್ಕೊಂಡು ಎರಡನೇ ಸಲ ನೀಟ್‌ಗೆ ಓದ್ಲಿಕತ್ತೀನಿ. ಬಿ ಸೆಕ್ಷನ್‌ನಾಗ 15ಕ್ಕ 10 ಮಾಡಿದ್ರ ಸಾಕಿತ್ತು, ಅದಕ್ಕ ಫಿಸಿಕ್ಸ್‌ನಾಗ ರೊಟೇಷನ್, ಎ.ಸಿ. ಎರಡೂ ಬಿಟ್ಟಿದ್ದೆ. ಈಗ ಚಾಯ್ಸೇ ತೆಗದಾರ, 20 ನಿಮಿಷನೂ ಕಡಿಮಿ ಮಾಡ್ಯಾರ. ಹೊಸ ಪ್ಯಾಟರ್ನ್‌ಗೆ ಬ್ಯಾರೆ ಕ್ರ್ಯಾಶ್ ಕೋರ್ಸ್ ಸೇರು ಅಂತ ಗೆಳತ್ಯಾರು ಅಂತಾರ. ಅಪ್ಪ ತೊಗರಿ ಮಾರಿದ ರೊಕ್ಕದಾಗ ಫೀ ಕಟ್ಟ್ಯಾನ. ಮತ್ತ ಕೇಳ್ಲಿಕ್ಕ ಬಾಯಿ ಬರವಲ್ದು. ಏನ್ ಮಾಡ್ಲಿ?*
*– ಹೆಸರು ಬೇಡ, ಫೆಬ್ರುವರಿ 2025*

ತಂಗಿ, ಅಪ್ಪನ ಹತ್ತಿರ ಆ ದುಡ್ಡು ಕೇಳಬೇಡ. ಕೋರ್ಸ್‌ಗೆ ಸೇರಲೂ ಬೇಡ. ಬದಲಾಗಿರುವುದು ಪ್ರಶ್ನೆಪತ್ರಿಕೆಯ ರೂಪ ಮಾತ್ರ, ಸಿಲಬಸ್ ಹಾಗೆಯೇ ಇದೆ. ಹೊಸದು ಅನ್ನುತ್ತಿರುವ ಈ ಪ್ಯಾಟರ್ನ್ ಕೂಡ ಹೊಸದಲ್ಲ. ಬಿ ಸೆಕ್ಷನ್ ಬಂದದ್ದೇ 2021ರಲ್ಲಿ, ಕೋವಿಡ್ ಕಾಲದಲ್ಲಿ. ಅದಕ್ಕೂ ಮೊದಲು ಇದ್ದದ್ದು 180 ಪ್ರಶ್ನೆ, 180 ನಿಮಿಷ: ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90. ಮೇ 4ಕ್ಕೆ ನೀನು ಬರೆಯುವುದೂ ಅದನ್ನೇ. ಹಾಗಾಗಿ 2018, 2019, 2020ರ ಪ್ರಶ್ನೆಪತ್ರಿಕೆಗಳು ನಿನಗೆ ಸಿಗಬಹುದಾದ ಅತ್ಯುತ್ತಮ ಮಾಕ್ ಟೆಸ್ಟ್. ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರೆ ಮುಗಿಯಿತು.

ಒಂದು ಎಚ್ಚರಿಕೆ ಇದೆ. ಕಳೆದ ವರ್ಷದ ಪರೀಕ್ಷೆಗೆ ಸಿಲಬಸ್ ಕತ್ತರಿಸಿದ್ದು ನಿನಗೆ ನೆನಪಿದೆಯಲ್ಲ? ಹಳೆಯ ಪತ್ರಿಕೆಗಳಲ್ಲಿ ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಪಾಲಿಮರ್ಸ್ ಇಂಥವು ಬರುತ್ತವೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ, ಅಂದರೆ ಎನ್‌ಎಂಸಿಯ ಸಿಲಬಸ್ ಪಕ್ಕದಲ್ಲಿಟ್ಟುಕೊಂಡು ಅವನ್ನು ಮೊದಲೇ ಹೊಡೆದುಹಾಕಿಸು. ಈ ಕೆಲಸವನ್ನು ಗೆಳತಿಗೆ ಒಪ್ಪಿಸು, ನೀನೇ ಮಾಡಿದರೆ ಪತ್ರಿಕೆ ಮೊದಲೇ ಓದಿಬಿಟ್ಟ ಹಾಗಾಗುತ್ತದೆ. ಹೊಡೆದ ಪ್ರತಿ ಪ್ರಶ್ನೆಗೆ ಒಂದು ನಿಮಿಷ ಕಳೆದು ಕೂರು. ಈಚಿನ ವರ್ಷಗಳ ಪತ್ರಿಕೆಯಾದರೆ ಬಿ ಸೆಕ್ಷನ್‌ನ ಮೊದಲ 10 ಪ್ರಶ್ನೆಗಳನ್ನೇ ತೆಗೆದುಕೊಂಡು ಉಳಿದ ಐದನ್ನು ಮುಚ್ಚಿಬಿಡು. ಆರಿಸುವ ಚಟ ಹೋಗಬೇಕು.

ಮೊದಲ ಪತ್ರಿಕೆಯನ್ನು ಈ ಭಾನುವಾರವೇ ಮಧ್ಯಾಹ್ನ 2ರಿಂದ 5ರವರೆಗೆ ಬರೆ, ಪರೀಕ್ಷೆಯ ಹೊತ್ತೂ ಅದೇ. ಕಲಬುರಗಿಯ ಬಿಸಿಲಿನಲ್ಲಿ ಊಟವಾದ ಮೇಲೆ ತಲೆ ಎಷ್ಟು ಓಡುತ್ತದೆ ಎಂಬುದೂ ಆಗ ಗೊತ್ತಾಗುತ್ತದೆ. ಬಯಾಲಜಿಗೆ 50 ನಿಮಿಷ, ಕೆಮಿಸ್ಟ್ರಿಗೆ 50, ಫಿಸಿಕ್ಸ್‌ಗೆ 65, ಕೊನೆಗೆ 15 ಉಳಿಯಲಿ. ಓಎಂಆರ್‌ನಲ್ಲಿ ಗುಂಡು ತುಂಬುವುದೂ ಈ ಲೆಕ್ಕದೊಳಗೇ ಬರಬೇಕು. ಆಮೇಲೆ ಅಂಕ ಕೂಡಿಸುವುದಕ್ಕಿಂತ ಮುಂಚೆ, ತಪ್ಪಿದ ಮತ್ತು ಬಿಟ್ಟ ಪ್ರಶ್ನೆಗಳ ಮುಂದೆ ಗುರುತು ಹಾಕು: ಗೊತ್ತೇ ಇರಲಿಲ್ಲವೋ, ಗೊತ್ತಿದ್ದೂ ಹೊತ್ತು ಸಾಲಲಿಲ್ಲವೋ. ನೀನು ಭಯಪಡುತ್ತಿರುವುದು ಮೊದಲನೆಯದಕ್ಕೆ. ಆದರೆ ಬಹಳ ಮಕ್ಕಳ ಅಂಕ ಸೋರುವುದು ಎರಡನೆಯದರಲ್ಲಿ. ನಿನ್ನದೂ ಹಾಗೇ ಇದ್ದರೆ ಹೊಸ ಅಧ್ಯಾಯ ಓದಿ ಉಪಯೋಗವಿಲ್ಲ, ಗಡಿಯಾರ ಇಟ್ಟುಕೊಂಡು ಲೆಕ್ಕ ಬಿಡಿಸಬೇಕು.

ಬಿಟ್ಟ ಎರಡು ಅಧ್ಯಾಯಗಳಲ್ಲಿ ಎ.ಸಿ. ಮೊದಲು ಹಿಡಿ. ರಿಯಾಕ್ಟೆನ್ಸ್, ಇಂಪಿಡೆನ್ಸ್, ರೆಸೊನೆನ್ಸ್, ಪವರ್ ಫ್ಯಾಕ್ಟರ್, ಟ್ರಾನ್ಸ್‌ಫಾರ್ಮರ್, ಅಷ್ಟರ ಸೂತ್ರಗಳು ಕೈಗೆ ಬಂದರೆ ಅಲ್ಲಿನ ಹೆಚ್ಚಿನ ಲೆಕ್ಕಗಳು ಎರಡೇ ಹೆಜ್ಜೆಯಲ್ಲಿ ಮುಗಿಯುತ್ತವೆ. ಒಂದು ವಾರ ಕೊಡು, ಸಾಕು. ರೊಟೇಷನ್ ದೊಡ್ಡದು. ಅದರಲ್ಲಿ ಮೊಮೆಂಟ್ ಆಫ್ ಇನರ್ಷಿಯಾ, ಟಾರ್ಕ್, ಆಂಗ್ಯುಲರ್ ಮೊಮೆಂಟಮ್ ಉಳಿಯುವ ನಿಯಮ ಇಷ್ಟನ್ನು ಮಾಡು. ರೋಲಿಂಗ್‌ನ ಉದ್ದದ ಲೆಕ್ಕಗಳನ್ನು ಬಿಡು, ಅವುಗಳ ಬೆನ್ನು ಹತ್ತಿ ಬಯಾಲಜಿಯ ರಿವಿಷನ್ ಕಳೆದುಕೊಂಡರೆ ಅದು ನಷ್ಟದ ವ್ಯಾಪಾರ.

ಚಾಯ್ಸ್ ಇಲ್ಲ ಅಂದಮಾತ್ರಕ್ಕೆ 180ಕ್ಕೂ ಉತ್ತರ ಬರೆಯಲೇಬೇಕು ಎಂದೇನಿಲ್ಲ. ಮೊದಲು ಬಿ ಸೆಕ್ಷನ್‌ನಲ್ಲಿ ಐದು ಬಿಟ್ಟರೂ ಏನೂ ಹೋಗುತ್ತಿರಲಿಲ್ಲ, ಈಗ ಬಿಟ್ಟ ಪ್ರತಿ ಪ್ರಶ್ನೆಗೆ 4 ಅಂಕ ಕೈತಪ್ಪುತ್ತದೆ, ಅಷ್ಟೇ. ತಪ್ಪು ಬರೆದರೆ ಅದರ ಮೇಲೆ ಇನ್ನೊಂದು ಅಂಕ ಕಡಿತ. ನಾಲ್ಕರಲ್ಲಿ ಎರಡು ಆಯ್ಕೆ ಖಂಡಿತ ಅಲ್ಲ ಎಂದು ಗೊತ್ತಾದರೆ ಉಳಿದೆರಡರಲ್ಲಿ ಒಂದನ್ನು ಹಾಕು: ಅಂಥ ಎರಡು ಪ್ರಶ್ನೆಯಲ್ಲಿ ಒಂದು ಸರಿ, ಒಂದು ತಪ್ಪಾದರೂ 3 ಅಂಕ ಉಳಿಯುತ್ತದೆ. ಏನೂ ಹೊಳೆಯದಿದ್ದರೆ ಖಾಲಿ ಬಿಟ್ಟು ಮುಂದಕ್ಕೆ ಹೋಗು. ಸೀಟು ಸಿಗುವುದು ರ್‍ಯಾಂಕ್ ಮೇಲೆ, ಚಾಯ್ಸ್ ಕಳೆದುಕೊಂಡವಳು ನೀನೊಬ್ಬಳೇ ಅಲ್ಲ.

ಅಪ್ಪನಿಗೆ ವಿಷಯ ಮಾತ್ರ ಹೇಳು, ಇವತ್ತೇ ಫೋನ್ ಮಾಡು. "ಪರೀಕ್ಷಿ ರೀತಿ ಸ್ವಲ್ಪ ಬದಲ್ ಆಗ್ಯದ ಅಪ್ಪಾ, ರೊಕ್ಕ ಏನ್ ಬ್ಯಾಡ, ನಾ ಹೊಂದಿಸ್ಕೋತೀನಿ" ಅಂದರೆ ಸಾಕು. ಬೇರೆಯವರ ಬಾಯಿಂದ ಕೇಳಿದರೆ ಅವರು ಹೆದರುತ್ತಾರೆ. ಮೂರು ಪತ್ರಿಕೆ ಬರೆದಾದ ಮೇಲೆ ಫಿಸಿಕ್ಸ್‌ಗೆ ಎಷ್ಟು ನಿಮಿಷ ಹಿಡಿಯಿತು ಎಂದು ನನಗೆ ಬರೆ, ಮುಂದಿನದನ್ನು ಅದರ ಮೇಲೆ ನೋಡೋಣ.