ಮಣಿಕಟ್ಟಿನ ಮೇಲೆ ಬಂದು ಹೋಗುವ ಗಂಟು

"ಮಣಿಕಟ್ಟಿನ ಹಿಂಭಾಗದಲ್ಲಿ ಒಂದು ಗಂಟು ಬರುತ್ತೆ, ಹೋಗುತ್ತೆ. ನೋವಿಲ್ಲ. ಸುಮ್ನೆ ಬಿಡಬಹುದಾ?"

ಬಿಡಬಹುದು. ಇದು ಹೆಚ್ಚಾಗಿ ಗ್ಯಾಂಗ್ಲಿಯಾನ್, ಅಂದರೆ ಕೀಲಿನಿಂದ ಹೊರಗೆ ಉಬ್ಬಿದ ಪುಟ್ಟ ಚೀಲ. ಒಳಗೆ ಜೆಲ್ಲಿಯಂಥ ದ್ರವ ಇರುತ್ತದೆ. ಕೈಗೆ ಕೆಲಸ ಜಾಸ್ತಿಯಾದಾಗ ಉಬ್ಬಿ, ವಿಶ್ರಾಂತಿ ಸಿಕ್ಕಾಗ ಇಳಿಯುವುದು ಇದರ ಸ್ವಭಾವ. ಕ್ಯಾನ್ಸರ್ ಗಡ್ಡೆ ಸಾಮಾನ್ಯವಾಗಿ ಹೀಗೆ ಬಂದು ಹೋಗುವುದಿಲ್ಲ. ಕತ್ತಲಲ್ಲಿ ಟಾರ್ಚ್ ಒತ್ತಿ ಹಿಡಿದರೆ ಗಂಟಿನೊಳಗೆ ಬೆಳಕು ಹಾಯುತ್ತದೆ. ಆದರೆ ಇದೊಂದೇ ಪುರಾವೆ ಸಾಲದು.

ಸುಮಾರು ಅರ್ಧದಷ್ಟು ಗಂಟುಗಳು ತಾವಾಗಿಯೇ ಮಾಯವಾಗುತ್ತವೆ, ವರ್ಷಗಳು ಹಿಡಿದರೂ. ಸೂಜಿಯಿಂದ ದ್ರವ ತೆಗೆಸಿದರೂ ಚೀಲ ಅಲ್ಲೇ ಉಳಿಯುವುದರಿಂದ ಮತ್ತೆ ತುಂಬಿಕೊಳ್ಳುವುದೇ ಜಾಸ್ತಿ. ದಪ್ಪ ಪುಸ್ತಕದಿಂದ ಗುದ್ದುವ ಹಳೆಯ ಉಪಾಯವಂತೂ ಬೇಡ, ಮೂಳೆಗೇ ಪೆಟ್ಟಾಗಬಹುದು.

ಇಳಿಯದೆ ಬೆಳೆಯುತ್ತಲೇ ಹೋದರೆ, ನೋವು, ಜೋಮು ಅಥವಾ ಹಿಡಿತದಲ್ಲಿ ಬಲ ಕಡಿಮೆ ಅನ್ನಿಸಿದರೆ ಮೂಳೆ ವೈದ್ಯರಿಗೆ ತೋರಿಸಿ. ಕೆಂಪಾಗಿ ಬಿಸಿಯಾದರೆ ಅದೇ ದಿನ ಹೋಗಿ.